ಒಂದು ರಾತ್ರಿ ಆಮ್ಲ, ಒಂದು ರಾತ್ರಿ ರೆಟಿನಾಯ್ಡ್, ಎರಡು ರಾತ್ರಿ ಬಿಡುವು

ಕಳೆದ ವರ್ಷ ಪ್ರಾಕ್ಟಿಕಲ್ ಮುಗಿದ ಮೇಲೆ ಪಾಂಡವಪುರ ಕಡೆಯಿಂದ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿ ಲ್ಯಾಬಿನಲ್ಲೇ ಉಳಿದುಕೊಂಡಳು. ಮೈಕ್ರೋಸ್ಕೋಪುಗಳನ್ನು ಪೆಟ್ಟಿಗೆಗೆ ಇಡಲು ಸಹಾಯ ಮಾಡಿ, ಕೊನೆಗೆ ಮೆಲ್ಲಗೆ ಕೇಳಿದಳು: "ಮೇಡಂ, ವುಝೂ ಮಾಡುವಾಗ ಮುಖಕ್ಕೆ ನೀರು ತಾಗಿದರೆ ಉರಿಯುತ್ತೆ. ಬರೀ ನೀರು ಮೇಡಂ, ಸೋಪೂ ಹಾಕಿಲ್ಲ. ಯಾಕೆ?"

ನಾನು ಜೀವಶಾಸ್ತ್ರ ಕಲಿಸುವವಳು, ಚರ್ಮದ ಡಾಕ್ಟರಲ್ಲ. ಆದರೆ ಅವಳ ಮುಖ ನೋಡಿದರೆ ಅರ್ಧ ಉತ್ತರ ಅಲ್ಲೇ ಇತ್ತು. ಹಣೆ ಮೇಣ ಸವರಿದ ಹಾಗೆ ಹೊಳೆಯುತ್ತಿತ್ತು, ಮೂಗಿನ ಪಕ್ಕದಲ್ಲಿ ಹೊಟ್ಟು ಎದ್ದಿತ್ತು, ಬಾಯಿಯ ಎರಡೂ ಮೂಲೆಗಳಲ್ಲಿ ಕೆಂಪು ಬಿರುಕು. ಮೂರು ವಾರದಲ್ಲಿ ಅಕ್ಕನ ಮದುವೆ. ಅಷ್ಟರೊಳಗೆ ಮೊಡವೆಯ ಕಲೆಗಳು ಹೋಗಬೇಕೆಂದು ಅವಳು ಫೋನಿನಲ್ಲಿ ನೋಡಿದ 'ಸ್ಕಿನ್ ಸೈಕ್ಲಿಂಗ್' ಶುರು ಮಾಡಿದ್ದಳು. ವಿಡಿಯೋದಲ್ಲಿ ತೋರಿಸಿದ ಬಾಟಲಿಗಳನ್ನೆಲ್ಲ ತರಿಸಿಕೊಂಡಿದ್ದಳು. ಬಿಟ್ಟಿದ್ದು ಒಂದೇ, ಸೈಕ್ಲಿಂಗ್. ಎಲ್ಲವನ್ನೂ ಪ್ರತಿ ರಾತ್ರಿ, ಒಂದರ ಮೇಲೊಂದು ಹಚ್ಚುತ್ತಿದ್ದಳು. "ಬೇಗ ಆಗಲಿ ಅಂತ ಮೇಡಂ" ಅಂದಳು.

ಇದೇ ಪ್ರಶ್ನೆಯನ್ನು ಆಮೇಲೆ ಇನ್ನೂ ಕೆಲವರು ಕೇಳಿದ್ದಾರೆ. ಕೆ.ಆರ್. ಪೇಟೆಯಿಂದ ಬರುವ ಒಬ್ಬ ಹುಡುಗನೂ ಕೇಳಿದ್ದಾನೆ, ಗೆಳೆಯನಿಗೋಸ್ಕರ ಅಂತ ಹೇಳಿ. ಆದ್ದರಿಂದ ಬರೆದೇ ಬಿಡುತ್ತಿದ್ದೇನೆ.

ಸ್ಕಿನ್ ಸೈಕ್ಲಿಂಗ್ ಎಂಬ ಹೆಸರನ್ನು ಚಾಲ್ತಿಗೆ ತಂದವರು ನ್ಯೂಯಾರ್ಕಿನ ಚರ್ಮವೈದ್ಯೆ ವಿಟ್ನಿ ಬೋ. 2022ರಲ್ಲಿ ಅದು ಫೋನುಗಳಲ್ಲೆಲ್ಲ ಹರಡಿತು. ಲೆಕ್ಕ ನಾಲ್ಕು ರಾತ್ರಿಯದು. ಮೊದಲ ರಾತ್ರಿ ಸತ್ತ ಚರ್ಮವನ್ನು ಸಡಿಲಿಸುವ ಆಮ್ಲ. ಎರಡನೇ ರಾತ್ರಿ ರೆಟಿನಾಯ್ಡ್. ಮೂರನೇ ಮತ್ತು ನಾಲ್ಕನೇ ರಾತ್ರಿ ಎರಡೂ ಇಲ್ಲ, ಬರೀ ಮಾಯಿಶ್ಚರೈಸರ್. ಐದನೇ ರಾತ್ರಿ ಮತ್ತೆ ಮೊದಲಿಂದ. ಹೆಸರು ಹೊಸದು, ಒಳಗಿನ ವಿಚಾರ ಹಳೆಯದು. ರೆಟಿನಾಯ್ಡ್ ಶುರು ಮಾಡುವವರಿಗೆ ದಿನ ಬಿಟ್ಟು ದಿನ ಹಚ್ಚಿ ಎಂದು ಚರ್ಮವೈದ್ಯರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ನೋಡುವವರ ಕಣ್ಣು ಮೊದಲೆರಡು ರಾತ್ರಿಗಳ ಬಾಟಲಿಗಳ ಮೇಲೆ ಹೋಗುತ್ತದೆ. ಈ ಪದ್ಧತಿಯ ಜೀವ ಇರುವುದು ಕೊನೆಯ ಎರಡು ರಾತ್ರಿಗಳಲ್ಲಿ. ಯಾಕೆ ಎಂದು ತಿಳಿಯಲು ಚರ್ಮದ ಮೇಲ್ಪದರವನ್ನು ಸ್ವಲ್ಪ ನೋಡಬೇಕು.

ನಮ್ಮ ಚರ್ಮದ ಅತಿ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಚಪ್ಪಟೆಯಾದ ಕೋಶಗಳು ಸುಮಾರು 15ರಿಂದ 20 ಸಾಲು ಒಂದರ ಮೇಲೊಂದು ಕುಳಿತಿರುತ್ತವೆ. ಇಟ್ಟಿಗೆ ಗೋಡೆ ಎಂದುಕೊಳ್ಳಿ. ಕೋಶಗಳು ಇಟ್ಟಿಗೆ. ನಡುವೆ ತುಂಬಿರುವ ಕೊಬ್ಬಿನ ಅಂಶ, ಅಂದರೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು, ಗಾರೆ. ಈ ಗೋಡೆ ಒಳಗಿನ ನೀರನ್ನು ಹೊರಗೆ ಹೋಗಲು ಬಿಡುವುದಿಲ್ಲ, ಹೊರಗಿನದನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಕೆಳಗಿನ ಪದರದಲ್ಲಿ ಹುಟ್ಟಿದ ಕೋಶ ಮೇಲೇರಿ, ಸತ್ತು, ಉದುರಿಹೋಗಲು ಹೆಚ್ಚು ಕಡಿಮೆ ನಾಲ್ಕು ವಾರ ಬೇಕು. ಇದು ಚರ್ಮದ ಸ್ವಂತ ವೇಗ. ಮದುವೆಯ ದಿನಾಂಕ ಅದಕ್ಕೆ ಗೊತ್ತಿಲ್ಲ.

ಮೊದಲ ರಾತ್ರಿಯ ಆಮ್ಲ ಮೇಲಿನ ಸಾಲುಗಳ ಇಟ್ಟಿಗೆಗಳ ಹಿಡಿತವನ್ನು ಸಡಿಲ ಮಾಡುತ್ತದೆ. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಗ್ಲೈಕೋಲಿಕ್ ಆಮ್ಲ ನೀರಿನಲ್ಲಿ ಕರಗುತ್ತದೆ, ಮೇಲ್ಮೈಯಲ್ಲಿ ಕೆಲಸ ಮಾಡುತ್ತದೆ. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರಗಳೊಳಗಿನ ಜಿಡ್ಡಿಗೂ ಇಳಿಯುತ್ತದೆ. ಅದಕ್ಕೇ ಜಿಡ್ಡು ಮುಖಕ್ಕೆ, ಕಪ್ಪು ತಲೆಯ ಮೊಡವೆಗೆ 2 ಶೇಕಡಾ ಸ್ಯಾಲಿಸಿಲಿಕ್ ಹೆಚ್ಚು ಹೊಂದುತ್ತದೆ. ಗ್ಲೈಕೋಲಿಕ್ ಆಮ್ಲ ಕಬ್ಬಿನಲ್ಲಿ ಸಹಜವಾಗಿಯೇ ಇದೆ ಎಂದು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ "ಹಾಗಾದರೆ ನಮ್ಮ ಗದ್ದೆಯಲ್ಲೇ ಇದೆ ಬಿಡಿ ಮೇಡಂ" ಎಂಬ ಮಾತು ಬಂತು. ಇದೆ, ಆದರೆ ಅತ್ಯಲ್ಪ. ಕಬ್ಬಿನ ಹಾಲು ಸವರಿದರೆ ಮುಖ ಅಂಟಂಟಾಗುತ್ತದೆ, ಇರುವೆ ಬರುತ್ತದೆ, ಅಷ್ಟೆ. ಬಾಟಲಿಯ ಗ್ಲೈಕೋಲಿಕ್ ಆಮ್ಲ ಕಾರ್ಖಾನೆಯಲ್ಲಿ ತಯಾರಾದದ್ದು, ಅದರ ಪ್ರಮಾಣವೂ ಆಮ್ಲೀಯತೆಯೂ ಅಳತೆಗೆ ಸಿಕ್ಕವು. ನಿಂಬೆಹಣ್ಣಿಗೆ ಆ ಅಳತೆ ಇಲ್ಲ. ನಿಂಬೆ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಪಟ್ಟೆ ಬೀಳುವುದೂ ಉಂಟು.

ಎರಡನೇ ರಾತ್ರಿಯ ರೆಟಿನಾಯ್ಡ್ ಎಂದರೆ ವಿಟಮಿನ್ 'ಎ'ಯ ಕುಟುಂಬದ್ದು. ಇದು ಮೇಲೆ ನಿಂತು ಉಜ್ಜುವುದಿಲ್ಲ. ಜೀವಂತ ಕೋಶದ ಕೇಂದ್ರದವರೆಗೆ ಹೋಗಿ, ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡು, ಕೋಶಗಳು ಹುಟ್ಟುವ ಮತ್ತು ಬೆಳೆಯುವ ರೀತಿಯನ್ನೇ ಬದಲಿಸುತ್ತದೆ. ರಂಧ್ರದ ಬಾಯಲ್ಲಿ ಸತ್ತ ಕೋಶಗಳು ಗಟ್ಟಿಯಾಗಿ ಕೂರದಂತೆ ನೋಡಿಕೊಳ್ಳುತ್ತದೆ, ಮೊಡವೆ ಶುರುವಾಗುವುದೇ ಅಲ್ಲಿ. ಸೌಂದರ್ಯವರ್ಧಕಗಳಲ್ಲಿ ಇರುವ ರೆಟಿನಾಲ್ ಸೌಮ್ಯ, ಚರ್ಮದೊಳಗೆ ಎರಡು ಹಂತ ದಾಟಿ ರೆಟಿನಾಯಿಕ್ ಆಮ್ಲವಾದ ಮೇಲೆ ಕೆಲಸ ಮಾಡುತ್ತದೆ. ಟ್ರೆಟಿನಾಯಿನ್ ಎಂದರೆ ಆ ರೆಟಿನಾಯಿಕ್ ಆಮ್ಲವೇ, ನೇರವಾಗಿ. ಅಡಾಪಲೀನ್ ಪ್ರಯೋಗಾಲಯದಲ್ಲಿ ರೂಪಿಸಿದ್ದು, 0.1 ಶೇಕಡಾ ಜೆಲ್ ರೂಪದಲ್ಲಿ ಮೊಡವೆಗೆ ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಇದನ್ನೇ. ಕೊನೆಯ ಎರಡೂ ಔಷಧಿಗಳು, ಕ್ರೀಮುಗಳಲ್ಲ. ಗರ್ಭಿಣಿಯರು ಮತ್ತು ಮಗುವಿಗಾಗಿ ಯೋಜಿಸುತ್ತಿರುವವರು ಯಾವ ರೆಟಿನಾಯ್ಡನ್ನೂ ಹಚ್ಚಬಾರದು. ಇದನ್ನು ಸಿಬ್ಬಂದಿ ಕೊಠಡಿಯ ಗೆಳತಿಯರಿಗೂ, ಮನೆಯಲ್ಲಿ ನಿಮ್ಮ ಟ್ಯೂಬನ್ನೇ ಹಂಚಿಕೊಳ್ಳುವ ಅತ್ತಿಗೆಗೂ ಹೇಳಿ.

ಈಗ ಆ ಹುಡುಗಿಯ ಮುಖದಲ್ಲಿ ಏನಾಯಿತು ನೋಡಿ. ಬೆಳಿಗ್ಗೆ ಸಂಜೆ ಸ್ಯಾಲಿಸಿಲಿಕ್ ಫೇಸ್‌ವಾಶ್. ರಾತ್ರಿ ಆಕ್ರೋಡು ಸಿಪ್ಪೆಯ ಸ್ಕ್ರಬ್. ಅದರ ಮೇಲೆ 10 ಶೇಕಡಾ ಗ್ಲೈಕೋಲಿಕ್. ಅದು ಒಣಗುವ ಮೊದಲೇ ಅಡಾಪಲೀನ್. ಮೇಲಿನ ಇಟ್ಟಿಗೆಗಳನ್ನು ಮೂರು ಸಲ ಕಿತ್ತು, ಕೆಳಗಿನ ಕೋಶಗಳಿಗೆ ಬೇಗ ಬೇಗ ಏರಿ ಬನ್ನಿ ಎಂದು ಹೇಳಿದ ಹಾಗೆ. ಹೊಸ ಸಾಲು ಬಂದರೂ ಗಾರೆ ತುಂಬಲು ಸಮಯವೇ ಸಿಗಲಿಲ್ಲ. ಗೋಡೆಯಲ್ಲಿ ಸಂದು ಬಿದ್ದಾಗ ಬರೀ ನೀರೂ ಉರಿಯುತ್ತದೆ. ಅವಳ ಪ್ರಶ್ನೆಗೆ ಉತ್ತರ ಇಷ್ಟೇ. ಬೇರೆ ಯಾವ ಪರೀಕ್ಷೆಯೂ ಇಲ್ಲದೆ ಮನೆಯಲ್ಲೇ ತಿಳಿಯುವ ಮೊದಲ ಗುರುತೂ ಇದೇ: ನಿನ್ನೆಯವರೆಗೆ ಏನೂ ಮಾಡದ ನೀರು, ಸಾದಾ ಕ್ರೀಮು, ಬೆವರು ಇವತ್ತು ಚುರುಗುಟ್ಟಿದರೆ ನಿಲ್ಲಿಸಬೇಕು. ಎರಡನೆಯದು ಆ ಹೊಳಪು. ಆರೋಗ್ಯದ ಹೊಳಪು ಮೃದುವಾಗಿರುತ್ತದೆ. ಇದು ಬಿಗಿಯಾದ, ಪ್ಲಾಸ್ಟಿಕ್ಕಿನಂಥ ಹೊಳಪು, ನಕ್ಕರೆ ಸಣ್ಣ ಗೆರೆಗಳು ಕಾಣುತ್ತವೆ. ಇದನ್ನು 'ಗ್ಲೋ ಬಂದಿದೆ' ಎಂದು ತಿಳಿದು ಇನ್ನಷ್ಟು ಹಚ್ಚುವವರಿದ್ದಾರೆ.

ನಮ್ಮ ಮೈಬಣ್ಣದವರಿಗೆ ಇನ್ನೊಂದು ಸಂಕಟವಿದೆ, ವಿದೇಶದ ವಿಡಿಯೋಗಳು ಅದನ್ನು ಹೆಚ್ಚು ಹೇಳುವುದಿಲ್ಲ. ಬಿಳಿಯರ ಚರ್ಮ ಕೆರಳಿದರೆ ಕೆಂಪಾಗಿ ಆರುತ್ತದೆ. ನಮ್ಮ ಚರ್ಮ ಕೆರಳಿದರೆ ಮೆಲನಿನ್ ಹೆಚ್ಚಿ ಕಂದು ಕಲೆ ಉಳಿಯುತ್ತದೆ, ತಿಂಗಳುಗಟ್ಟಲೆ. ಮೊಡವೆ ಹೋದ ಮೇಲೆ ಉಳಿಯುವ ಕಲೆಯೂ ಇದೇ ಜಾತಿಯದು. ಅಂದರೆ ಕಲೆ ತೆಗೆಯಲೆಂದು ಉಜ್ಜಿ ಉರಿಸಿಕೊಂಡವಳಿಗೆ ಹೊಸ ಕಲೆ ಸಿಗುತ್ತದೆ. ಆ ಹುಡುಗಿಯ ಬಾಯಿಯ ಮೂಲೆಗಳಲ್ಲಿ ಆದದ್ದು ಅದೇ. ಕೆಂಪು ಹತ್ತು ದಿನದಲ್ಲಿ ಹೋಯಿತು, ಕಂದು ಅಲ್ಲೇ ನಿಂತಿತು.

ಅವಳು ತಾಯಿಯೊಂದಿಗೆ ಚರ್ಮದ ಡಾಕ್ಟರ ಬಳಿ ಹೋದಳು. ಅವರು ಎಲ್ಲವನ್ನೂ ನಿಲ್ಲಿಸಿ ಸೌಮ್ಯವಾದ ಫೇಸ್‌ವಾಶ್, ವಾಸನೆಯಿಲ್ಲದ ಮಾಯಿಶ್ಚರೈಸರ್, ಬಿರುಕಿಗೆ ಪೆಟ್ರೋಲಿಯಂ ಜೆಲ್ಲಿ, ಹಗಲು ಸನ್‌ಸ್ಕ್ರೀನ್, ಇಷ್ಟೇ ಬರೆದರು. ನಾಲ್ಕು ವಾರ. ಆಮೇಲೆ ರೆಟಿನಾಯ್ಡ್ ಮಾತ್ರ ನಾಲ್ಕು ರಾತ್ರಿಗೊಮ್ಮೆ, ಆಮ್ಲ ಇಲ್ಲದೆ ಇನ್ನೊಂದು ತಿಂಗಳು. ಅದು ಒಗ್ಗಿದ ಮೇಲೆ ಪೂರ್ತಿ ಚಕ್ರ. ಹೊಸಬರು ಯಾರೇ ಆಗಲಿ ಈ ಕ್ರಮದಲ್ಲೇ ಹೋಗುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ. ಎರಡು ಹೊಸ ವಸ್ತುಗಳನ್ನು ಒಂದೇ ವಾರ ಶುರು ಮಾಡಿದರೆ, ಉರಿದಾಗ ಯಾವುದರಿಂದ ಉರಿಯಿತೆಂದು ತಿಳಿಯುವುದಿಲ್ಲ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕೆಂದು ಲ್ಯಾಬಿನಲ್ಲಿ ಹೇಳುವುದು ಇದಕ್ಕೇ.

ಪೂರ್ತಿ ಚಕ್ರ ವಾರದಲ್ಲಿ ಹೇಗೆ ಕೂರುತ್ತದೆ ಎಂಬಲ್ಲಿ ಅವಳಿಗೆ ಗೊಂದಲವಾಯಿತು. ಸೋಮವಾರ ಆಮ್ಲ, ಮಂಗಳವಾರ ರೆಟಿನಾಯ್ಡ್, ಬುಧ ಗುರು ಬಿಡುವು, ಶುಕ್ರವಾರ ಆಮ್ಲ, ಶನಿವಾರ ರೆಟಿನಾಯ್ಡ್, ಭಾನುವಾರ ಬಿಡುವು. ಸರಿ, ಮುಂದಿನ ಸೋಮವಾರ? 'ಸೋಮವಾರ ಆಮ್ಲ' ಎಂದು ಬರೆದುಕೊಂಡಿದ್ದರೆ ಅವತ್ತು ಆಮ್ಲ ಬೀಳುತ್ತದೆ, ಒಂದು ಬಿಡುವಿನ ರಾತ್ರಿ ತಪ್ಪುತ್ತದೆ. ಏಳನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಉಳಿಯುತ್ತದಲ್ಲ, ಆ ಶೇಷದ ತೊಂದರೆ. ಆದ್ದರಿಂದ ವಾರದ ಹೆಸರಿಗೆ ಕಟ್ಟಬೇಡಿ. ಆ ಸೋಮವಾರವೂ ಬಿಡುವು, ಮಂಗಳವಾರ ಆಮ್ಲ. ಪ್ರತಿ ವಾರ ಒಂದು ದಿನ ಮುಂದೆ ಸರಿಯುತ್ತ ಹೋಗುತ್ತದೆ, ನಾಲ್ಕು ವಾರಕ್ಕೆ ಸರಿಯಾಗಿ ಏಳು ಚಕ್ರ ಮುಗಿದು ಮತ್ತೆ ಸೋಮವಾರಕ್ಕೇ ಬರುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಆ, ರೆ, ಬಿ, ಬಿ ಎಂದು 28 ದಿನಕ್ಕೆ ಬರೆದಿಟ್ಟುಕೊಂಡರೆ ಆಯಿತು. ಅವಳು ಹಾಗೇ ಮಾಡಿದಳು. 'ಬಿ' ಎಂದರೆ ಬಿರಿಯಾನಿಯಾ ಎಂದು ತಮ್ಮ ದಿನಾ ಕೇಳುತ್ತಿದ್ದನಂತೆ. ರಾತ್ರಿ ಮರೆತರೆ ಮರುದಿನ ಎರಡನ್ನೂ ಸೇರಿಸಿ ಹಚ್ಚುವುದು ಬೇಡ, ಚಕ್ರವನ್ನು ಒಂದು ದಿನ ಮುಂದೂಡಿ.

ಹಚ್ಚುವ ರೀತಿ. ಇಶಾ ನಮಾಜು ಮುಗಿಸಿ, ಇನ್ನು ಮುಖ ತೊಳೆಯುವುದಿಲ್ಲ ಎಂದಾದ ಮೇಲೆ ಶುರು ಮಾಡಿ. ರಮಜಾನಿನಲ್ಲಿ ತರಾವೀಹ್ ಆದ ಮೇಲೆ. ಆಮ್ಲದ ರಾತ್ರಿ ಮುಖ ತೊಳೆದು, ಒರೆಸಿ, ಬಾಟಲಿಯಲ್ಲಿ ಬರೆದಂತೆ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮಾಯಿಶ್ಚರೈಸರ್. ಅವತ್ತು ಸ್ಕ್ರಬ್ ಬೇಡ. ನಿಜ ಹೇಳಬೇಕೆಂದರೆ ಆಕ್ರೋಡು ಸಿಪ್ಪೆಯ ಸ್ಕ್ರಬ್ ಯಾವತ್ತೂ ಬೇಡ. ರೆಟಿನಾಯ್ಡ್ ರಾತ್ರಿ ಮುಖ ಪೂರ್ತಿ ಒಣಗಿರಬೇಕು, ತೊಳೆದ ಮೇಲೆ ಇಪ್ಪತ್ತು ನಿಮಿಷ ಬಿಡಿ. ಒದ್ದೆ ಚರ್ಮದಲ್ಲಿ ಅದು ಹೆಚ್ಚು ಇಳಿದು ಹೆಚ್ಚು ಕೆರಳಿಸುತ್ತದೆ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಹಣೆ, ಎರಡು ಕೆನ್ನೆ, ಗಲ್ಲ, ನಾಲ್ಕು ಕಡೆ ಚುಕ್ಕೆ ಇಟ್ಟು ಹರಡಿ. ಮೊಡವೆಯ ಮೇಲೆ ಮಾತ್ರ ಮೆತ್ತುವುದಲ್ಲ, ಅದು ಹುಟ್ಟುವ ಜಾಗಕ್ಕೆಲ್ಲ ಹಚ್ಚುವ ಔಷಧಿ. ಕಣ್ಣಿನ ಅಂಚು, ಮೂಗಿನ ಮಡಿಕೆ, ಬಾಯಿಯ ಮೂಲೆ ಬಿಡಿ, ಬೇಕಿದ್ದರೆ ಅಲ್ಲಿ ಮೊದಲೇ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ಚರ್ಮ ಸೂಕ್ಷ್ಮವಿದ್ದವರು ಮೊದಲು ಮಾಯಿಶ್ಚರೈಸರ್, ಅದರ ಮೇಲೆ ರೆಟಿನಾಯ್ಡ್, ಮತ್ತೆ ಮಾಯಿಶ್ಚರೈಸರ್ ಹಚ್ಚಬಹುದು. ಮೊದಲ ಎರಡು ಮೂರು ವಾರ ಸ್ವಲ್ಪ ಒಣಗಿ ಹೊಟ್ಟೇಳುವುದು ಸಹಜ, ಬಿಡುವಿನ ರಾತ್ರಿಗಳಲ್ಲಿ ಅದು ಇಳಿಯಬೇಕು. ಇಳಿಯದೆ ಮುಂದಿನ ಆಮ್ಲದ ರಾತ್ರಿ ಬಂದರೆ ಬಿಡುವನ್ನು ಮೂರು, ನಾಲ್ಕು ರಾತ್ರಿಗೆ ಹಿಗ್ಗಿಸಿ.

ನಮ್ಮಲ್ಲಿ ಅನೇಕರು ದಿನಕ್ಕೆ ಐದು ಸಲ ಮುಖ ತೊಳೆಯುವವರು. ಬರೀ ನೀರಿನಿಂದ ತೊಳೆದರೆ ಚರ್ಮಕ್ಕೆ ತೊಂದರೆಯಿಲ್ಲ. ತೊಂದರೆ ಕೊಡುವುದು ಪ್ರತಿ ಸಲ ಸೋಪು ಹಾಕುವುದು ಮತ್ತು ಒರಟು ಟವೆಲಿನಿಂದ ಉಜ್ಜುವುದು. ಒತ್ತಿ ಒರೆಸಿ, ಫೇಸ್‌ವಾಶ್ ದಿನಕ್ಕೆ ಎರಡು ಸಲಕ್ಕೆ ನಿಲ್ಲಿಸಿ. ಬೋರ್‌ವೆಲ್ ನೀರು ಗಡಸಾಗಿರುವ ಊರುಗಳಲ್ಲಿ, ನಾಗಮಂಗಲ ಕಡೆಯಿಂದ ಬರುವವರು ಇದನ್ನು ಹೇಳುತ್ತಿರುತ್ತಾರೆ, ಸೋಪಿನ ಅಂಶ ಸರಿಯಾಗಿ ತೊಳೆದು ಹೋಗದೆ ಮುಖ ಇನ್ನಷ್ಟು ಬಿಗಿಯುತ್ತದೆ. ಅಲ್ಲಿ ಸೋಪು ಕಡಿಮೆ ಮಾಡಿದಷ್ಟೂ ಒಳ್ಳೆಯದು. ಮತ್ತೊಂದು ವಿಷಯ, ಬೆಳಿಗ್ಗೆ ಹಚ್ಚಿದ ಸನ್‌ಸ್ಕ್ರೀನ್ ಝುಹರ್‌ನ ವುಝೂನಲ್ಲಿ ಬಹುಪಾಲು ಹೋಗುತ್ತದೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವವರು ನಮಾಜಿನ ನಂತರ ಇನ್ನೊಮ್ಮೆ ಹಚ್ಚಲೇಬೇಕು. ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎಳೆದಷ್ಟು, ಮುಖಕ್ಕೂ ಕುತ್ತಿಗೆಗೂ. ಸನ್‌ಸ್ಕ್ರೀನ್ ಹಚ್ಚಲು ಆಗುವುದಿಲ್ಲ ಎನ್ನುವವರು ಈ ಚಕ್ರವನ್ನು ಶುರುವೇ ಮಾಡಬೇಡಿ. ಆಮ್ಲ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಕಲೆ ಇನ್ನೂ ಕಪ್ಪಾಗುತ್ತದೆ. ಹುಬ್ಬು, ಮೇಲ್ತುಟಿಗೆ ಥ್ರೆಡಿಂಗ್ ಅಥವಾ ವ್ಯಾಕ್ಸಿಂಗ್ ಇದ್ದರೆ ಆ ಜಾಗಕ್ಕೆ ಒಂದು ವಾರ ಮೊದಲೇ ಎರಡನ್ನೂ ನಿಲ್ಲಿಸಿ. ಇಲ್ಲದಿದ್ದರೆ ಕೂದಲಿನ ಜೊತೆ ಚರ್ಮವೂ ಸುಲಿದು ಬರುತ್ತದೆ, ಅದೂ ಸರಿಯಾಗಿ ಹಬ್ಬದ ಹಿಂದಿನ ದಿನ.

ಈಗ ನನಗೆ ನಿಜವಾಗಿ ಭಯವಿರುವ ವಿಷಯಕ್ಕೆ ಬರುತ್ತೇನೆ. 'ನನ್ನ ಹತ್ತಿರ ರೆಟಿನಾಯ್ಡ್ ಆಗಲೇ ಇದೆ ಮೇಡಂ' ಎಂದು ಇನ್ನೊಬ್ಬಳು ಟ್ಯೂಬ್ ತೋರಿಸಿದಳು. ಮನೆಯಲ್ಲಿ ಖಾಲಾ ಹಚ್ಚುವ ಕ್ರೀಮು, ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದದ್ದು. ಹಿಂಭಾಗದಲ್ಲಿ ಟ್ರೆಟಿನಾಯಿನ್ 0.025 ಶೇಕಡಾ ಎಂದು ಇತ್ತು, ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಅದರ ಜೊತೆ ಇನ್ನೆರಡು ಹೆಸರುಗಳಿದ್ದವು: ಹೈಡ್ರೋಕ್ವಿನೋನ್, ಮೊಮೆಟಾಸೋನ್. ಮೊಮೆಟಾಸೋನ್ ಸ್ಟೀರಾಯ್ಡ್. ಮೊದಲ ವಾರಗಳಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ತಿಂಗಳುಗಳ ಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖ ಕೆಂಡವಾಗುವುದರಿಂದ ಮತ್ತೆ ಹಚ್ಚುತ್ತಾರೆ. 2011ರಲ್ಲಿ ಪ್ರಕಟವಾದ, ದೇಶದ ಹಲವು ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಮುಖದ ತೊಂದರೆಯೆಂದು ಬಂದ 2926 ರೋಗಿಗಳಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದವರು. ಚರ್ಮವೈದ್ಯರ ಸಂಘ ವರ್ಷಗಳ ಕಾಲ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು.

ಆದ್ದರಿಂದ ಟ್ಯೂಬಿನ ಮುಂದಿನ ಹೆಸರನ್ನು ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್, ಇವುಗಳಲ್ಲಿ ಯಾವುದಿದ್ದರೂ ಅದು ಸ್ಕಿನ್ ಸೈಕ್ಲಿಂಗಿಗೆ ಬಳಸುವ ವಸ್ತುವಲ್ಲ. ಪದಾರ್ಥಗಳ ಪಟ್ಟಿಯೇ ಇಲ್ಲದ, ಡಬ್ಬಿಯಲ್ಲಿ ಮಾರುವ ಬೆಳ್ಳಗಾಗಿಸುವ ಕ್ರೀಮನ್ನಂತೂ ಮುಟ್ಟಬೇಡಿ. ಆಗಲೇ ತಿಂಗಳುಗಳಿಂದ ಹಚ್ಚುತ್ತಿದ್ದರೆ ಒಮ್ಮೆಲೇ ಬಿಟ್ಟು ಒದ್ದಾಡುವುದೂ ಬೇಡ, ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮದ ಡಾಕ್ಟರ ಬಳಿ ಹೋಗಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಬಸ್ಸಿನ ದೂರದಲ್ಲೇ ಇವೆ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಇದು ಮೊಡವೆಯ ಚಿಕಿತ್ಸೆಯಲ್ಲ. ಗಂಟು ಗಂಟಾಗಿ ನೋವು ಕೊಡುವ, ಗುಂಡಿ ಬೀಳಿಸುವ ಮೊಡವೆಗೆ ನಾಲ್ಕು ರಾತ್ರಿಗೊಮ್ಮೆ ರೆಟಿನಾಯ್ಡ್ ಸಾಲದು. ಡಾಕ್ಟರು ದಿನಾ ಹಚ್ಚಿ ಎಂದರೆ ದಿನಾ ಹಚ್ಚಬೇಕು, ಫೋನಿನ ಚಕ್ರ ಬದಿಗಿಡಬೇಕು. ಅಲ್ಲೂ ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಎಕ್ಸಿಮಾ ಇರುವವರು, ಈಗಾಗಲೇ ಚರ್ಮ ಬಿರಿದಿರುವವರು ಬಿಡುವಿನ ರಾತ್ರಿಗಳನ್ನಷ್ಟೇ ಪಾಲಿಸಿದರೆ ಸಾಕು. ಮುಖದಲ್ಲಿ ಏನೂ ತೊಂದರೆಯಿಲ್ಲದ ಹದಿನಾರರ ಹುಡುಗ ಹುಡುಗಿಯರಿಗೆ ಇದರ ಅಗತ್ಯವೇ ಇಲ್ಲ, ಆ ದುಡ್ಡಿಗೆ ಒಂದು ಒಳ್ಳೆಯ ಸನ್‌ಸ್ಕ್ರೀನ್ ತೆಗೆದುಕೊಳ್ಳಿ.

ಅಕ್ಕನ ಮದುವೆಗೆ ಆ ಹುಡುಗಿ ಬಾಯಿಯ ಮೂಲೆಗಳ ಕಂದು ಕಲೆಯೊಂದಿಗೇ ಹೋದಳು. ಫೋಟೋದಲ್ಲಿ ಯಾರೂ ಗಮನಿಸಲಿಲ್ಲವಂತೆ, ಅವಳೊಬ್ಬಳನ್ನು ಬಿಟ್ಟು. ಆರು ತಿಂಗಳ ಮೇಲೆ ಬಲಗಡೆಯದು ಮಾಯವಾಗಿದೆ. ಎಡಗಡೆಯದು, ಹತ್ತಿರ ಬಂದು ಬೆಳಕಿಗೆ ಮುಖ ತಿರುಗಿಸಿದರೆ, ಇನ್ನೂ ಸ್ವಲ್ಪ ಕಾಣುತ್ತದೆ.